ಮೊದಲ ಸಂಬಳವೂ ಅಪ್ಪನ ಕೆಂಪು ಪೆನ್ನೂ

ಮೊದಲ ಸಂಬಳ ಬಂದಿದೆ. ನೇಮಕಾತಿ ಪತ್ರದಲ್ಲಿ ವರ್ಷಕ್ಕೆ 3,60,000 ರೂಪಾಯಿ ಎಂದಿದ್ದುದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಡೀ ಮೂವತ್ತು ಸಾವಿರದ ಗತ್ತಿನಲ್ಲಿ ಓಡಾಡಿದ ನನ್ನ ಖಾತೆಗೆ ಜಮೆಯಾದದ್ದು 25,479. ಸಿಟ್ಟಿನಿಂದ ಸಂಬಳದ ಚೀಟಿಯನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಸಂತೋಷದ ಮಾತೊಂದೂ ಬರಲಿಲ್ಲ, "ಬೇಸಿಕ್ ಎಷ್ಟು?" ಎಂಬ ಪ್ರಶ್ನೆ ಬಂತು.

ಸಾಗರದ ಅಡಿಕೆ ಮಂಡಿಯಲ್ಲಿ ಜೀವಮಾನವಿಡೀ ಪರರ ಲೆಕ್ಕ ಬರೆದ ನನ್ನಪ್ಪನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಅವರು ಆ ಚೀಟಿಯನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಫೋಟೋ ಕಳಿಸಿದರು. ಬೇಸಿಕ್ 15,000, ಅದರ ಶೇ. 12ರಂತೆ ನನ್ನ ಪಿಎಫ್ 1,800, ಕಂಪನಿ ಕಟ್ಟುವ ಪಿಎಫ್ ಇನ್ನೊಂದು 1,800, ಗ್ರಾಚ್ಯುಟಿಗೆಂದು 721, ವೃತ್ತಿ ತೆರಿಗೆ 200. ಕಳೆದುಹೋದ 4,521 ರೂಪಾಯಿ ಪೈಸೆಗೆ ಪೈಸೆ ಸಿಕ್ಕಿತು, ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಕಂಪನಿ ತನ್ನ ಪಾಲೆಂದು ಕಟ್ಟುವ ಹಣವನ್ನೂ ನನ್ನ ಸಂಬಳದ ಅಂಕಿಯೊಳಗೇ ಸೇರಿಸಿ ಹೇಳುವುದು ಯಾವ ಔದಾರ್ಯ? ಅದೂ ನಿನ್ನ ಹೆಸರಿನಲ್ಲೇ ಇರುವ ಹಣವಲ್ಲವೇ ಎಂದು ಗೆಳತಿಯೊಬ್ಬಳು ಸಮಾಧಾನ ಹೇಳಿದಳು. ಪಿಎಫ್ ವಿಷಯದಲ್ಲಿ ಒಪ್ಪೋಣ. ಆದರೆ ಐದು ವರ್ಷ ದುಡಿದರೆ ಸಿಗಬಹುದಾದ ಗ್ರಾಚ್ಯುಟಿಯನ್ನು ಈ ತಿಂಗಳ ಸಂಬಳವೆಂದು ತೋರಿಸುವವರು ನನ್ನ ಮನೆಯ ಬಾಡಿಗೆಯನ್ನೂ ಐದು ವರ್ಷದ ನಂತರ ತೆಗೆದುಕೊಳ್ಳುವಂತೆ ಮಾಲೀಕರಿಗೆ ಹೇಳಲಿ.

ಅಪ್ಪನಿಗೆ ಗ್ರಾಚ್ಯುಟಿಯ ಚಿಂತೆಯಿರಲಿಲ್ಲ. ಕಂಪನಿಯ 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್‌ಗೆ ಹೋಗಬೇಕು, ಮುಂದಿನ ತಿಂಗಳ 15ರೊಳಗೆ ಕಟ್ಟಿರಬೇಕು, ಪಾಸ್‌ಬುಕ್ಕಿನಲ್ಲಿ ನೋಡು ಎಂದು ಮತ್ತೆ ಮತ್ತೆ ಹೇಳಿದರು. ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದಾಗ, ಒಂದು ಕಾಲದಲ್ಲಿ ತನಗೂ ಬರಬಹುದೆಂದು ಓದಿಕೊಂಡಿದ್ದೆ ಎಂದರು. ಇಪ್ಪತ್ತು ಜನರಿಲ್ಲದ ಕಡೆ ಪಿಎಫ್ ಕಡ್ಡಾಯವಲ್ಲ. ಅಪ್ಪನ ಮಂಡಿಯಲ್ಲಿ ಇದ್ದವರು ಏಳೇ ಜನ. ನನ್ನ ಕಾಲೇಜಿನ ಶುಲ್ಕವೆಲ್ಲ ಅಂಥ ಸಂಬಳದಿಂದಲೇ ಬಂದದ್ದು. ಕಡಿತವೇ ಇಲ್ಲದ ಸಂಬಳವೆಂದು ಅವರು ತಮಾಷೆ ಮಾಡುತ್ತಿದ್ದುದಕ್ಕೆ ನಾನು ಚಿಕ್ಕಂದಿನಲ್ಲಿ ನಗುತ್ತಿದ್ದೆ.

ಥ್ಯಾಂಕ್ಸ್ ಎಂದರೆ ಅಪ್ಪ ಫೋನ್ ಇಟ್ಟುಬಿಡುತ್ತಾರೆ. ಆದ್ದರಿಂದ ಪಿಎಫ್ ನಾಮಿನಿಯ ಜಾಗದಲ್ಲಿ ಅವರ ಹೆಸರು ಬರೆದೆ. ಕೃತಜ್ಞತೆ ಸಲ್ಲಿಸಲು ಇದಕ್ಕಿಂತ ಒಳ್ಳೆಯ ಸರ್ಕಾರಿ ನಮೂನೆ ಇಲ್ಲವೆಂದು ಬೀಗಿ ತಿಳಿಸಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸಿಡುಕಿದರು: "ಅಪ್ಪ ಇರುವಾಗ ಮಗಳು ಹೋಗೋದು ಯಾವ ಸೀಮೆ ಲೆಕ್ಕ ಪುಟ್ಟಿ? ತೆಗಿ ಅದನ್ನ. ನಿನ್ನ ಅಮ್ಮನ ಹೆಸರು ಹಾಕು, ನನಗಿಂತ ಆರು ವರ್ಷ ಚಿಕ್ಕವಳು. ಮದುವೆಯಾದ ಮೇಲೆ ಹೇಗೂ ಬದಲಾಯಿಸಬೇಕು, ಅದನ್ನೂ ಬರೆದಿಟ್ಟುಕೋ."