ಶನಿವಾರದ ಕೊನೆಯ ಪಿರಿಯಡ್, ಸೋಮವಾರದ ಮೊದಲ ಪಿರಿಯಡ್

ಮಡಿಕೇರಿಯ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ನಮ್ಮ ತರಗತಿಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಶನಿವಾರದ ಕೊನೆಯ ಪಿರಿಯಡ್ ಮತ್ತು ಸೋಮವಾರದ ಮೊದಲ ಪಿರಿಯಡ್‌ಗಳ ಕಾಲಂನಲ್ಲಿ ಗೈರುಹಾಜರಿಯ ಗುರುತುಗಳು ಉಳಿದ ದಿನಗಳಿಗಿಂತ ದಟ್ಟವಾಗಿರುತ್ತವೆ. ಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲವೆಂದು ಬಹಳ ಕಾಲ ನಾನೂ ಭಾವಿಸಿದ್ದೆ. ಅವರಲ್ಲಿ ಹೆಚ್ಚಿನವರು ವಾರಾಂತ್ಯದಲ್ಲಿ ಹೋಮ್‌ಸ್ಟೇಗಳಲ್ಲಿ ದುಡಿಯುತ್ತಿದ್ದಾರೆ ಎಂಬುದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿಸಿದಾಗ ತಿಳಿಯಿತು. ಈ ಕೆಲಸದ ಗಂಟೆ, ಕೂಲಿ ಮತ್ತು ಓದಿನೊಡನೆ ಅದಕ್ಕಿರುವ ತಿಕ್ಕಾಟವನ್ನು ಒಬ್ಬ ವಿದ್ಯಾರ್ಥಿಯ ಲೆಕ್ಕದ ಮೂಲಕ ಇಲ್ಲಿ ಬರೆಯುತ್ತಿದ್ದೇನೆ. ಆತನ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬೇಡವೆಂದು ಇಬ್ಬರೂ ತೀರ್ಮಾನಿಸಿದೆವು.

ಆತ ಬಿ.ಕಾಂ. ಮೂರನೇ ಸೆಮಿಸ್ಟರ್‌ನ ಹುಡುಗ. ತಂದೆ ತೋಟದಲ್ಲಿ ಕೂಲಿ ಮಾಡುತ್ತಾರೆ. ಪಟ್ಟಣದಿಂದ ಸ್ವಲ್ಪ ದೂರದ ಹೋಮ್‌ಸ್ಟೇಯೊಂದರಲ್ಲಿ ಆತನಿಗೆ ಕೆಲಸ ಸಿಕ್ಕಿತು. ಶನಿವಾರ ಮತ್ತು ಭಾನುವಾರ, ದಿನಕ್ಕೆ 600 ರೂಪಾಯಿ, ಊಟ ತಿಂಡಿ ಅಲ್ಲೇ ಎಂಬಷ್ಟೇ ಮಾತು. ಎಷ್ಟು ಗಂಟೆ ಎಂದು ಇಬ್ಬರೂ ಮಾತನಾಡಲಿಲ್ಲ. ದಿನಕ್ಕೆ ಎಂಟು ಗಂಟೆ ಇರಬಹುದೆಂದು ಆತ ಅಂದುಕೊಂಡ. ಹಾಗಾದರೆ ಗಂಟೆಗೆ 75 ರೂಪಾಯಿ ಬೀಳುತ್ತದೆ, ನಮ್ಮ ಕಡೆಗೆ ಅದು ಕೆಟ್ಟ ಕೂಲಿಯಲ್ಲ.

ನಿಜವಾದ ದಿನಚರಿ ಬೇರೆಯೇ ಇತ್ತು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅತಿಥಿಗಳು ಬರತೊಡಗುತ್ತಾರೆ. ಅಷ್ಟರಲ್ಲಿ ಅಲ್ಲಿರಬೇಕೆಂದರೆ ಕಾಲೇಜಿನಿಂದ ಹನ್ನೆರಡಕ್ಕೇ ಹೊರಡಬೇಕು. ಸಾಮಾನು ಎತ್ತಿಕೊಡುವುದು, ಚಹಾ, ಸಂಜೆಯ ಬೆಂಕಿಗೆ ಸೌದೆ, ರಾತ್ರಿ ಊಟ ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲ ಮುಗಿಯುವಾಗ ಹತ್ತೂವರೆ. ಭಾನುವಾರ ಬೆಳಿಗ್ಗೆ ಆರಕ್ಕೆ ಕೋಣೆಗಳಿಗೆ ಕಾಫಿ, ಆಮೇಲೆ ತಿಂಡಿ, ಹನ್ನೊಂದಕ್ಕೆ ಅತಿಥಿಗಳು ಹೊರಟ ಮೇಲೆ ಹಾಸಿಗೆಯ ಬಟ್ಟೆ ತೆಗೆದು ಕೋಣೆ, ಬಚ್ಚಲು ಸ್ವಚ್ಛಮಾಡುವ ಕೆಲಸ. ನಾಲ್ಕು ಗಂಟೆಗೆ ಬಿಡುಗಡೆ. ಮೊದಲ ದಿನ ಒಂಬತ್ತೂವರೆ ಗಂಟೆ, ಮರುದಿನ ಹತ್ತು ಗಂಟೆ, ಹೋಗಿಬರಲು ಎರಡು ಗಂಟೆ: ಒಟ್ಟು ಇಪ್ಪತ್ತೊಂದೂವರೆ ಗಂಟೆ. ಬಸ್ಸು ಮತ್ತು ಜೀಪಿಗೆ 80 ರೂಪಾಯಿ ಕಳೆದರೆ ಕೈಗೆ ಉಳಿಯುವುದು 1,120. ಭಾಗಿಸಿದರೆ ಗಂಟೆಗೆ ಸುಮಾರು 52 ರೂಪಾಯಿ.

ಸೋಮವಾರವೂ ರಜೆ ಬಂದರೆ ಅಥವಾ ಅತಿಥಿಗಳು ಇನ್ನೊಂದು ರಾತ್ರಿ ಉಳಿದರೆ ಆತನೂ ಉಳಿಯಬೇಕಾಗುತ್ತಿತ್ತು. ಆಗ ರಾತ್ರಿ ಮೂರು ಗಂಟೆ, ಸೋಮವಾರ ಬೆಳಿಗ್ಗೆ ಎರಡೂವರೆ ಗಂಟೆ ಹೆಚ್ಚು ಕೆಲಸ. ಅದಕ್ಕೆ ಕೊಟ್ಟದ್ದು 200 ರೂಪಾಯಿ. ಹಾಗೆ ಲೆಕ್ಕ ಹಾಕಿದರೆ ಗಂಟೆಗೆ 49ಕ್ಕೆ ಇಳಿಯುತ್ತದೆ. ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ಕೆಲಸವಿಲ್ಲದೆ ಕಾಯುವ ಹೊತ್ತನ್ನು ನಾನು ಇದರಲ್ಲಿ ಸೇರಿಸಿಲ್ಲ. ಆ ಹೊತ್ತಿನಲ್ಲಿ ಓದಬಹುದಲ್ಲ ಎಂದು ಕೇಳಿದೆ. ಆತ, "ಮೇಡಂ, ಪುಸ್ತಕ ತೆಗೆದುಕೊಂಡು ಹೋಗುತ್ತೇನೆ. ಆದರೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲದೆ ಕುಳಿತರೆ ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂದ.

ಕೂಲಿಗಿಂತ ದೊಡ್ಡ ನಷ್ಟ ಹಾಜರಾತಿಯಲ್ಲಿ ಆಗುತ್ತಿತ್ತು, ಮತ್ತು ಅದು ಆತನ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಆತ ವಾರಕ್ಕೆ ಹೆಚ್ಚೆಂದರೆ ಎರಡು ಪಿರಿಯಡ್ ತಪ್ಪಿಸುತ್ತಿದ್ದ. ವಾರಕ್ಕೆ 24 ಪಿರಿಯಡ್‌ಗಳಿರುವಾಗ ಎರಡು ಹೋದರೆ ಏನಾಯಿತು ಎಂಬುದು ಸಹಜವಾದ ಯೋಚನೆ. ಆದರೆ ನಮ್ಮಲ್ಲಿ ಶೇಕಡಾ 75ರ ಹಾಜರಾತಿಯನ್ನು ಪ್ರತಿ ವಿಷಯಕ್ಕೂ ಬೇರೆ ಬೇರೆಯಾಗಿ ನೋಡುತ್ತೇವೆ. ಆ ಸೆಮಿಸ್ಟರ್‌ನ ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಪಿರಿಯಡ್ ಮತ್ತು ಸೋಮವಾರದ ಮೊದಲ ಪಿರಿಯಡ್ ಎರಡೂ ಒಂದೇ ವಿಷಯದವು, ನಾನೇ ಪಾಠ ಮಾಡುವ ಕಾರ್ಪೊರೇಟ್ ಅಕೌಂಟಿಂಗ್‌ನವು. ವಾರಕ್ಕೆ ನಾಲ್ಕರಂತೆ ಹದಿನೈದು ವಾರಕ್ಕೆ 60 ತರಗತಿ. ಅದರಲ್ಲಿ 45ಕ್ಕೆ ಹಾಜರಿರಬೇಕು, ಅಂದರೆ ತಪ್ಪಿಸಲು ಇರುವ ಅವಕಾಶ ಹದಿನೈದು ಮಾತ್ರ. ಮೂರನೇ ವಾರ ಕೆಲಸಕ್ಕೆ ಸೇರಿದ ಆತ ಹತ್ತನೇ ವಾರದ ಕೊನೆಗೆ ಎಂಟು ಶನಿವಾರ, ಮೂರು ಸೋಮವಾರ ತಪ್ಪಿಸಿದ್ದ. ಹನ್ನೊಂದು ಮುಗಿದಿತ್ತು, ನಾಲ್ಕು ಉಳಿದಿತ್ತು, ಮುಂದೆ ಇನ್ನೂ ಐದು ಶನಿವಾರಗಳಿದ್ದವು. ಹಾಗೆಯೇ ಬಿಟ್ಟಿದ್ದರೆ ಒಟ್ಟು ಹಾಜರಾತಿ ಶೇಕಡಾ 90ಕ್ಕಿಂತ ಮೇಲಿದ್ದೂ ಒಂದು ವಿಷಯದ ಪರೀಕ್ಷೆಗೆ ಕೂರಲಾಗದ ಸ್ಥಿತಿ ಬರುತ್ತಿತ್ತು.

ಇದು ನನ್ನ ಗಮನಕ್ಕೆ ಬಂದದ್ದೂ ಹಾಜರಿ ಪುಸ್ತಕದಿಂದಲ್ಲ, ಆತನ ಕಿರು ಪರೀಕ್ಷೆಯ ಉತ್ತರ ಪತ್ರಿಕೆಯಿಂದ. ಆದ್ಯತಾ ಷೇರುಗಳ ಹಣವನ್ನು ಕಂಪನಿಯು ಮರುಪಾವತಿ ಮಾಡುವ ಲೆಕ್ಕ ಕೊಟ್ಟಿದ್ದೆ. ಜರ್ನಲ್ ನಮೂದುಗಳ ಮಾದರಿ ಅಚ್ಚುಕಟ್ಟಾಗಿತ್ತು, ಮೊತ್ತಗಳೂ ಸರಿಯಿದ್ದವು. ಆದರೆ ಲಾಭದಿಂದ ಮರುಪಾವತಿ ಮಾಡಿದಾಗ ಆ ಷೇರುಗಳ ಮುಖಬೆಲೆಯಷ್ಟೇ ಮೊತ್ತವನ್ನು ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್‌ಗೆ ವರ್ಗಾಯಿಸುವ ನಮೂದು ಎಲ್ಲಿಯೂ ಇರಲಿಲ್ಲ. ಆ ನಮೂದು ಏಕೆ ಬೇಕು, ಇಲ್ಲದಿದ್ದರೆ ಸಾಲ ಕೊಟ್ಟವರಿಗೆ ಆಸರೆಯಾಗಿದ್ದ ಬಂಡವಾಳ ಹೇಗೆ ಕರಗುತ್ತದೆ ಎಂಬುದನ್ನು ನಾನು ವಿವರಿಸಿದ್ದು ಒಂದು ಶನಿವಾರ ಹನ್ನೆರಡು ಗಂಟೆಗೆ. ಗೆಳೆಯನ ನೋಟ್ಸ್‌ನಿಂದ ಆತ ಲೆಕ್ಕವನ್ನು ನಕಲು ಮಾಡಿಕೊಂಡಿದ್ದ, ಕಾರಣ ಮಾತ್ರ ನೋಟ್ಸ್‌ನಲ್ಲಿ ಇರಲಿಲ್ಲ. ನಕಲು ಮಾಡುವಾಗ ಒಂದು ಸಾಲು ಬಿಟ್ಟುಹೋದದ್ದೂ ಆದ್ದರಿಂದಲೇ ತಿಳಿಯಲಿಲ್ಲ.

ಆ ದಿನ ಸ್ಟಾಫ್ ರೂಮಿನಲ್ಲಿ ಕುಳಿತು ಇಬ್ಬರೂ ಒಂದು ಹಾಳೆಯಲ್ಲಿ ಈ ಲೆಕ್ಕವನ್ನೆಲ್ಲ ಬರೆದೆವು. ಹಾಳೆಯನ್ನು ಆತ ಹೋಮ್‌ಸ್ಟೇಯವರಿಗೆ ತೋರಿಸಿ, ಶನಿವಾರ ಎರಡು ಗಂಟೆಗೆ ಬರುತ್ತೇನೆ, ಭಾನುವಾರ ನಾಲ್ಕಕ್ಕೆ ಖಂಡಿತವಾಗಿ ಬಿಡಬೇಕು ಎಂದು ಕೇಳಿಕೊಂಡ. ಅವರು ಕೆಟ್ಟವರಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಕೋಣೆಗಳು ಖಾಲಿ ಬಿದ್ದಿರುತ್ತವೆ, ಉಳಿದ ವಾರಾಂತ್ಯಗಳಲ್ಲೇ ವರ್ಷದ ಖರ್ಚು ಹೊರಡಬೇಕು ಎಂಬ ಅವರ ಕಷ್ಟವೂ ನಿಜ. ಅವರು ಒಪ್ಪಿದರು, ಆದರೆ ಶನಿವಾರದ ಕೂಲಿಯನ್ನು 500ಕ್ಕೆ ಇಳಿಸಿದರು. ಈಗ ಗಂಟೆಗೆ ಸುಮಾರು 50 ರೂಪಾಯಿ. ಅಂದರೆ ಶನಿವಾರದ ಒಂದು ತರಗತಿಗೆ ಆ ಹುಡುಗ ತನ್ನ ಕೂಲಿಯಿಂದ ವಾರಕ್ಕೆ ನೂರು ರೂಪಾಯಿ ತೆತ್ತು ಬಂದು ಕೂರುತ್ತಿದ್ದ. ಆ ಐದು ಶನಿವಾರ ನಾನು ಒಂದು ನಿಮಿಷವನ್ನೂ ವ್ಯರ್ಥ ಮಾಡಲಿಲ್ಲ.

ಆತನಿಗೆ ಇನ್ನೊಂದು ಅಭ್ಯಾಸವನ್ನೂ ಹೇಳಿಕೊಟ್ಟೆ. ಪ್ರತಿ ಭಾನುವಾರ ಸಂಜೆ ಬಸ್ಸಿನಲ್ಲಿ ಕುಳಿತಾಗ, "ಅಂಕಲ್, ಶನಿವಾರ 2ರಿಂದ 10.30, ಭಾನುವಾರ 6ರಿಂದ 4" ಎಂದು ಅವರಿಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳುಹಿಸುವುದು. ಕೂಲಿಯನ್ನು ತಿಂಗಳ ಕೊನೆಗೆ ಒಟ್ಟಿಗೆ ಕೊಡುವ ಕಡೆ ಎಷ್ಟು ದಿನ ಬಂದೆ ಎಂಬುದೇ ಜಗಳವಾಗುತ್ತದೆ. ಆಗ ಅನುಮಾನದ ಮಾತಿಗಿಂತ ತಾರೀಖು ಬಿದ್ದ ನಾಲ್ಕು ಸಂದೇಶಗಳು ಹೆಚ್ಚು ಕೆಲಸ ಮಾಡುತ್ತವೆ, ಸಂಬಂಧವೂ ಕೆಡುವುದಿಲ್ಲ.

ಬೇರೆ ಕೆಲಸಗಳು ಇಲ್ಲವೆಂದಲ್ಲ. ಕಾಫಿ ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ ಇದೆ. ಬೇಕಾದ ದಿನ ಹೋಗಬಹುದು, ಸಂಜೆ ತೂಕವಾದ ಮೇಲೆ ಯಾರೂ ಕಾಯಿಸುವುದಿಲ್ಲ. ನಿಜವಾಗಿ ನಮಗೆ ಅನುಕೂಲವಾದ ಸಮಯದಲ್ಲಿ ಮಾಡಬಹುದಾದ ಕೆಲಸವೆಂದರೆ ಅದೇ. ಆದರೆ ಕೈ ಪಳಗದ ವಿದ್ಯಾರ್ಥಿ ದಿನವಿಡೀ ಕೊಯ್ದರೂ ಅರವತ್ತು ಕೆಜಿ ದಾಟುವುದು ಕಷ್ಟ. ಕೆಜಿಗೆ ಐದು ರೂಪಾಯಿಯಂತೆ ಸಿಕ್ಕರೂ 300 ರೂಪಾಯಿ. ಅರೇಬಿಕಾದಲ್ಲಿ ಹಣ್ಣನ್ನು ಮಾತ್ರ ಆರಿಸಿ ಕೊಯ್ಯಬೇಕಾದ್ದರಿಂದ ಅಷ್ಟೂ ಆಗುವುದಿಲ್ಲ.

ವಾಣಿಜ್ಯದ ವಿದ್ಯಾರ್ಥಿಗೆ ಇವೆರಡಕ್ಕಿಂತ ಒಳ್ಳೆಯದೆಂದು ನನಗೆ ಅನ್ನಿಸುವುದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಸಂಜೆಯ ಕೆಲಸ. ನಮ್ಮ ವಿದ್ಯಾರ್ಥಿನಿಯೊಬ್ಬಳು ಸಂಜೆ ನಾಲ್ಕೂವರೆಯಿಂದ ಏಳರವರೆಗೆ ತಿಂಗಳಿಗೆ 22 ದಿನ ಅಂಗಡಿಗಳ ಬಿಲ್ಲುಗಳನ್ನು ಟ್ಯಾಲಿಯಲ್ಲಿ ನಮೂದಿಸುತ್ತಾಳೆ, ತಿಂಗಳಿಗೆ 4,000 ರೂಪಾಯಿ. 55 ಗಂಟೆಗೆ ಭಾಗಿಸಿದರೆ ಗಂಟೆಗೆ 73ರ ಹತ್ತಿರ, ಮತ್ತು ನಡೆದುಕೊಂಡೇ ಮನೆಗೆ ಹೋಗುತ್ತಾಳೆ. ಈ ಕೆಲಸದ ಒತ್ತಡಕ್ಕೆ ಗೊತ್ತಾದ ತಾರೀಖುಗಳಿವೆ ಎಂಬುದು ಇನ್ನೂ ಮುಖ್ಯ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವ ವ್ಯಾಪಾರಿಗಳ ಮಾರಾಟದ ವಿವರಕ್ಕೆ 11, ತೆರಿಗೆಯ ಸಾರಾಂಶಕ್ಕೆ 20 ಕೊನೆಯ ದಿನ. ಇಪ್ಪತ್ತರ ನಂತರ ಕಿರು ಪರೀಕ್ಷೆಗೆ ರಜೆ ಕೇಳಿದರೆ ಸಿಗುತ್ತದೆ, ಎಂಟನೇ ತಾರೀಖಿಗೆ ಕೇಳಿದರೆ ಸಿಗುವುದಿಲ್ಲ. ಆಕೆ ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಕಚೇರಿಯಲ್ಲಿ ಹೇಳಿಬಿಡುತ್ತಾಳೆ.

ಆದರೆ ಇಂಥ ಕೆಲಸಗಳು ಪಟ್ಟಣದಲ್ಲಿ ಬೆರಳೆಣಿಕೆಯಷ್ಟು, ಪಟ್ಟಣದಲ್ಲೇ ಇರುವವರಿಗೆ ಮಾತ್ರ. ನಾಪೋಕ್ಲು ಕಡೆಯಿಂದ ಬರುವ ಇನ್ನೊಬ್ಬ ವಿದ್ಯಾರ್ಥಿನಿಗೆ ಅದೇ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಏಳಕ್ಕೆ ಬಿಟ್ಟರೆ ಆಕೆಯ ಊರಿಗೆ ಬಸ್ಸಿಲ್ಲ. ಅದಕ್ಕಿಂತ ಮೊದಲು ಸಿಗುವುದೂ ಖಾಸಗಿ ಬಸ್ಸು. ಸರ್ಕಾರಿ ಬಸ್ಸಿನಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದರಲ್ಲಿ ಇಲ್ಲ. ಮಳೆಗಾಲದ ಕತ್ತಲಲ್ಲಿ ಆಕೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವುದನ್ನು ಆಕೆಯ ತಾಯಿ ಒಪ್ಪಲಿಲ್ಲ, ನಾನೂ ಒಪ್ಪಿಸಲು ಹೋಗಲಿಲ್ಲ. ಆಕೆ ಈಗ ಭಾನುವಾರ ಮಾತ್ರ ಊರಿನ ಹತ್ತಿರದ ಹೋಮ್‌ಸ್ಟೇಗೆ ಹೋಗುತ್ತಾಳೆ. ಇಂಥ ಮಕ್ಕಳಿಗೆ ವಾರಾಂತ್ಯದ ಕೆಲಸವನ್ನು ಬಿಡು ಎನ್ನುವ ಹಕ್ಕು ನಮಗಿಲ್ಲ, ಏಕೆಂದರೆ ಬದಲಿಗೆ ಕೊಡಲು ನಮ್ಮಲ್ಲಿ ಬೇರೆ ಕೆಲಸವಿಲ್ಲ.

ನಮ್ಮ ಕೈಯಲ್ಲಿದ್ದದ್ದು ವೇಳಾಪಟ್ಟಿ. ಮೂರನೇ ಸೆಮಿಸ್ಟರ್ ಮುಗಿದ ಮೇಲೆ ನಡೆದ ವಿಭಾಗದ ಸಭೆಯಲ್ಲಿ, ಶನಿವಾರದ ಕೊನೆಯ ಪಿರಿಯಡ್ ಮತ್ತು ಸೋಮವಾರದ ಮೊದಲ ಪಿರಿಯಡ್‌ಗಳನ್ನು ಒಂದೇ ವಿಷಯಕ್ಕೆ ಕೊಡಬಾರದು, ಲೆಕ್ಕದ ವಿಷಯಕ್ಕಂತೂ ಅವೆರಡೂ ಬೇಡ ಎಂದು ಕೇಳಿದೆ. ವಾರಾಂತ್ಯದ ಕೆಲಸಕ್ಕೆ ಕಾಲೇಜೇ ದಾರಿ ಮಾಡಿಕೊಟ್ಟಂತಾಗುತ್ತದೆ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ನಾನು ಆ ಹಾಳೆಯನ್ನು ಅವರ ಮುಂದಿಟ್ಟೆ. ಈ ಸೆಮಿಸ್ಟರ್‌ನಲ್ಲಿ ಶನಿವಾರ ಹನ್ನೆರಡಕ್ಕೆ ಕನ್ನಡ, ಸೋಮವಾರ ಒಂಬತ್ತೂವರೆಗೆ ವ್ಯವಹಾರ ಕಾನೂನು. ಆ ಹಿರಿಯರೇ ಕನ್ನಡ ಪಾಠ ಮಾಡುತ್ತಾರೆ. ಕಳೆದ ಶನಿವಾರ ತಮ್ಮ ಹಾಜರಿ ಪುಸ್ತಕವನ್ನು ತಂದು, ಯಾರು ಯಾರು ಎಲ್ಲೆಲ್ಲಿ ಕೆಲಸ ಮಾಡುತ್ತಾರೆ ಎಂದು ನನ್ನನ್ನು ಕೇಳಿ, ಹೆಸರಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡು ಹೋದರು.