ಪ್ಲೇ ಸ್ಟೋರ್‌ನ ಕನ್ನಡ ವಿವರಣೆ: ಒಂದು ಸ್ಪಷ್ಟನೆ

“ಕಿರು ವಿವರಣೆ ಎಂದರೆ ದೀರ್ಘ ವಿವರಣೆಯ ಮೊದಲ ಸಾಲುಗಳೇ, ಹಾಗಾಗಿ ದೀರ್ಘವನ್ನಷ್ಟೇ ಕನ್ನಡಕ್ಕೆ ತಂದರೆ ಸಾಕು.”

ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಪುಟಕ್ಕೆ ಬರೆಯುವ ವಿವರಣೆಯ ಕುರಿತ ಈ ಮಾತು ಸರಿಯಲ್ಲ. ಗೂಗಲ್ ಪ್ಲೇಯಲ್ಲಿ ಇವು ಎರಡು ಬೇರೆ ಬೇರೆ ಅಂಕಣಗಳಾಗಿದ್ದು, ಕಿರು ವಿವರಣೆಗೆ 80, ದೀರ್ಘ ವಿವರಣೆಗೆ 4,000 ಕ್ಯಾರೆಕ್ಟರ್‌ಗಳ ಮಿತಿಯಿದೆ. ಕನ್ನಡದ ಪುಟಕ್ಕೆ (kn-IN) ಎರಡನ್ನೂ ಪ್ರತ್ಯೇಕವಾಗಿ ಬರೆಯಬೇಕು. ಫೋನಿನಲ್ಲಿ ದೀರ್ಘ ವಿವರಣೆ ಕಾಣುವುದು ಬಳಕೆದಾರರು ‘ಈ ಆ್ಯಪ್ ಕುರಿತು’ ಎಂಬ ಭಾಗವನ್ನು ಒತ್ತಿ ತೆರೆದಾಗ ಮಾತ್ರ. ಅದಕ್ಕೆ ಮೊದಲು ಕಣ್ಣಿಗೆ ಬೀಳುವುದು ಕಿರು ವಿವರಣೆಯೇ.

ನಿಜವಾದ ತೊಡಕಿರುವುದು ಎಣಿಕೆಯಲ್ಲಿ. ಕಿರಾಣಿ ಅಂಗಡಿಯವರ ಆ್ಯಪ್‌ಗೆ ‘ಉದ್ರಿ ಲೆಕ್ಕ’ ಎಂದು ಬರೆದರೆ ನಮಗೆ ಕಾಣುವುದು ನಾಲ್ಕೇ ಅಕ್ಷರ, ಆದರೆ ಸ್ವರಚಿಹ್ನೆ, ಒತ್ತಕ್ಷರದೊಳಗಿನ ಹಲಂತ ಚಿಹ್ನೆ ಮತ್ತು ನಡುವಿನ ಖಾಲಿ ಜಾಗವನ್ನೂ ಬಿಡಿಬಿಡಿಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ಅದು 11. ಆದ್ದರಿಂದ ಇಂಗ್ಲಿಷಿನ ಸಾಲನ್ನು ಪದಶಃ ಅನುವಾದಿಸದೆ, ‘ಅಂಗಡಿಯ ಉದ್ರಿ ಲೆಕ್ಕ ಬರೆಯಿರಿ, ಬಾಕಿಯನ್ನು ನೆನಪಿಸಿ’ ಎಂಬಂತೆ ಹೊಸದಾಗಿಯೇ ಬರೆಯುವುದು ಮೇಲು.