ಉರಿಯಿತು ಅಂತ ಮೂಲೆಗೆ ಬಿದ್ದ ಟ್ಯೂಬು

ಇವತ್ತು ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಹೋದೆ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರು ಬ್ಲೇಡಿನಲ್ಲಿ ಹಿಮ್ಮಡಿ ಕೆತ್ತುತ್ತಿದ್ದರು. ಪಕ್ಕದಲ್ಲಿ ಹಳದಿ ಚರ್ಮದ ಚೂರುಗಳು, ಎಡಗಾಲಿನ ಒಂದು ಬಿರುಕಿನಲ್ಲಿ ರಕ್ತ. ನನಗೆ ಕಾಲಿನಿಂದ ತಲೆವರೆಗೆ ಸಿಟ್ಟು ಏರಿತು. "ನಾನು ಕೊಟ್ಟಿದ್ದ ಟ್ಯೂಬ್ ಎಲ್ಲಿ ದೊಡ್ಡಮ್ಮ?" ಅಂದೆ. "ಅದು ಹಚ್ಚಿದ ತಕ್ಷಣ ಬೆಂಕಿ ಇಟ್ಟ ಹಾಗೆ ಉರೀತು ಕಣೇ, ನನ್ನ ಮೈಗೆ ಅದು ಆಗಲ್ಲ" ಅಂದರು. ಒಡೆದ ಹಿಮ್ಮಡಿಗೆ ಅಂತ ಕೊಟ್ಟಿದ್ದ, ಯೂರಿಯಾ ಮತ್ತು ಲ್ಯಾಕ್ಟಿಕ್ ಆಸಿಡ್ ಇರುವ ಆ ಕ್ರೀಮಿನ ಟ್ಯೂಬು ಎರಡು ಸಲ ಹಿಂಡಿದ್ದಷ್ಟೇ, ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು.

ಔಷಧಿ ಅಂಗಡಿಯ ಕೌಂಟರಿನಲ್ಲಿ ನಾನು ಎಷ್ಟು ವರ್ಷದಿಂದ ನಿಂತಿದ್ದೇನೆ ಅಂತ ನಿಮಗೆಲ್ಲ ಗೊತ್ತು. "ಉರಿಯಿತು, ಬಿಟ್ಟೆ" ಅನ್ನುವ ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಕ್ರೀಮಿನ ತಪ್ಪಲ್ಲ, ಆ ಮೈಯ ತಪ್ಪೂ ಅಲ್ಲ. ಬಾಯಿ ಬಿಟ್ಟಿರುವ ಗಾಯದೊಳಕ್ಕೆ ಆಸಿಡ್ ಇರುವ ಕ್ರೀಮು ತುಂಬಿದರೆ ಯಾರಿಗಾದರೂ ಉರಿಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಹಿಮ್ಮಡಿ ಯಾಕೆ ಒಡೆಯುತ್ತದೆ ಅಂತ ಒಮ್ಮೆ ನೋಡಿ. ಅಂಗಾಲು, ಅಂಗೈಗಳಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆ ಸುರಿಸುವ ಗ್ರಂಥಿಗಳಿಲ್ಲ. ಅಲ್ಲಿನ ಚರ್ಮ ಮೊದಲೇ ದಪ್ಪ, ಒತ್ತಡ ಬಿದ್ದಲ್ಲಿ ಇನ್ನೂ ದಪ್ಪವಾಗುತ್ತದೆ. ನಾವು ನಿಂತಾಗ ಹಿಮ್ಮಡಿಯ ಕೆಳಗಿರುವ ಕೊಬ್ಬಿನ ದಿಂಬು ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಹಿಂದೆ ಹಿಡಿದುಕೊಳ್ಳುವ ಪಟ್ಟಿ ಇಲ್ಲದ ಚಪ್ಪಲಿಯಲ್ಲಿ ಇನ್ನೂ ಹೆಚ್ಚು. ಮೆತ್ತಗಿರುವ ಚರ್ಮ ಅದರ ಜೊತೆಗೆ ಹಿಗ್ಗುತ್ತದೆ. ಒಣಗಿ ಗಟ್ಟಿಯಾದ ಅಂಚಿಗೆ ಹಿಗ್ಗಲು ಬರುವುದಿಲ್ಲ, ಹಾಗಾಗಿ ಸೀಳುತ್ತದೆ. ಅಂದರೆ ನಾವು ಮೆತ್ತಗೆ ಮಾಡಬೇಕಾದದ್ದು ಬಿರುಕಿನ ಸುತ್ತಲಿನ ದಡವನ್ನು. ಬಿರುಕಿನ ಒಳಗಿರುವುದು ಹಸಿ ಚರ್ಮ, ಅದಕ್ಕೆ ಬೇಕಾದದ್ದು ಮುಚ್ಚಿಕೊಳ್ಳಲು ಒಂದಷ್ಟು ದಿನ.

ಬ್ಲೇಡು ಇದೆರಡನ್ನೂ ಮಾಡುವುದಿಲ್ಲ. ಎಲ್ಲಿ ಸತ್ತ ಚರ್ಮ ಮುಗಿಯಿತು, ಎಲ್ಲಿ ಜೀವ ಇರುವುದು ಶುರುವಾಯಿತು ಅಂತ ಕೆತ್ತುವ ಕೈಗೆ ತಿಳಿಯುವುದಿಲ್ಲ. ಕೊಯ್ದ ಜಾಗದಿಂದ ಸೋಂಕು ಒಳಗೆ ಹೋಗುತ್ತದೆ. ಒತ್ತಡ ಹಾಗೇ ಇರುವುದರಿಂದ ಚರ್ಮ ಮತ್ತೆ ಗಟ್ಟಿಯಾಗಿಯೇ ಬೆಳೆಯುತ್ತದೆ.

ಯೂರಿಯಾ ಅಂದ ಕೂಡಲೇ "ಗೊಬ್ಬರ ಹಚ್ಚಬೇಕಾ?" ಅಂತ ಕೇಳುವವರಿದ್ದಾರೆ. ವಸ್ತು ಅದೇ, ಆದರೆ ಇದು ಔಷಧಿಗೆಂದು ಶುದ್ಧ ಮಾಡಿ, ಅಳತೆ ನೋಡಿ ಬೆರೆಸಿದ್ದು. ಗೊಬ್ಬರದ ಚೀಲಕ್ಕೂ ಇದಕ್ಕೂ ಸಂಬಂಧವಿಲ್ಲ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಎರಡೂ ನಮ್ಮ ಚರ್ಮ ನೀರು ಹಿಡಿದಿಟ್ಟುಕೊಳ್ಳಲು ತಾನೇ ಇಟ್ಟುಕೊಂಡಿರುವ ಪದಾರ್ಥಗಳ ಗುಂಪಿಗೇ ಸೇರಿದವು. ಶೇಕಡಾ 10ರ ಒಳಗೆ ಯೂರಿಯಾ ಮುಖ್ಯವಾಗಿ ನೀರು ಹಿಡಿದಿಡುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಗಟ್ಟಿ ಪದರವನ್ನು ಸಡಿಲಿಸುವ ಗುಣ ಹೆಚ್ಚುತ್ತದೆ. ಶೇಕಡಾ 40 ಇರುವುದು ದಪ್ಪಗಟ್ಟಿದ ಆಣಿ, ಉಗುರುಗಳಿಗೆ, ಅದೂ ವೈದ್ಯರು ಹೇಳಿದರೆ ಮಾತ್ರ. ಲ್ಯಾಕ್ಟಿಕ್ ಆಸಿಡ್ ಸತ್ತ ಕೋಶಗಳನ್ನು ಒಂದಕ್ಕೊಂದು ಅಂಟಿಸಿದ ಹಿಡಿತವನ್ನು ಬಿಡಿಸುತ್ತದೆ. ಅದಕ್ಕೇ ಹಿಮ್ಮಡಿಯ ಟ್ಯೂಬುಗಳಲ್ಲಿ ಇವೆರಡನ್ನೂ ಜೊತೆಯಾಗಿ ಹಾಕಿರುವುದು ಹೆಚ್ಚು.

ಹೋದ ವರ್ಷ ನನ್ನ ಕಾಲಿಗೇ ಇದು ಬಂದಿತ್ತು. ದಿನವಿಡೀ ನಿಲ್ಲುವ ಕೆಲಸ. ಎಡ ಹಿಮ್ಮಡಿಯಲ್ಲಿ ಮೂರು ಬಿರುಕು, ಅದರಲ್ಲಿ ಒಂದು ಆಳ, ಹೆಜ್ಜೆ ಇಟ್ಟರೆ ಚುಚ್ಚುತ್ತಿತ್ತು. ಮೊದಲ ಒಂದು ವಾರ ನಾನು ಯೂರಿಯಾ ಮುಟ್ಟಲೇ ಇಲ್ಲ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಒತ್ತಿ ಒರೆಸಿ, ಬಿರುಕಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ತುಂಬಿ, ಹತ್ತಿಯ ಕಾಲುಚೀಲ ಹಾಕಿ ಮಲಗಿದೆ. ಹಗಲು ಅಂಗಡಿಗೆ ಹೋಗುವಾಗ ಆಳದ ಬಿರುಕಿನ ಎರಡೂ ದಡ ಹತ್ತಿರ ಬರುವ ಹಾಗೆ ಎಳೆದು ಅಡ್ಡಲಾಗಿ ಪಟ್ಟಿ ಅಂಟಿಸಿಕೊಂಡೆ. ಎಂಟನೇ ದಿನ ಒತ್ತಿ ನೋಡಿದರೆ ನೋವಿಲ್ಲ, ಹಸಿ ಕಾಣಿಸುತ್ತಿಲ್ಲ.

ಆಗ ಶುರು ಮಾಡಿದ್ದು ಕ್ರೀಮು. ಶೇಕಡಾ 10 ಯೂರಿಯಾ, ಶೇಕಡಾ 10 ಲ್ಯಾಕ್ಟಿಕ್ ಆಸಿಡ್. ಕಾಲು ತೊಳೆದು ಒರೆಸಿ, ಚರ್ಮ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಗಟ್ಟಿ ಅಂಚಿನ ಮೇಲೆ ತೆಳ್ಳಗೆ ಹಚ್ಚಿದೆ. ಹತ್ತು ನಿಮಿಷ ಬಿಟ್ಟು ಅದರ ಮೇಲೆ ಜೆಲ್ಲಿ, ಆಮೇಲೆ ಕಾಲುಚೀಲ. ಹಚ್ಚಿದಾಗ ಒಂದೆರಡು ನಿಮಿಷ ಜುಮುಜುಮು ಅನ್ನುವುದು ಸಹಜ. ಉರಿ ಹೋಗದೆ ಕೆಂಪಗಾದರೆ ತೊಳೆದುಬಿಡಬೇಕು. ವಾರಕ್ಕೆ ಎರಡು ಸಲ, ನೆನೆದ ಕಾಲನ್ನು ಕಲ್ಲಿನಲ್ಲಿ ಹಗುರವಾಗಿ ಉಜ್ಜಿದೆ. ಮೂರನೇ ವಾರಕ್ಕೆ ಹಳದಿ ಅಂಚು ಬೆರಳಿಗೆ ಬಾಗಿತು. ಆರನೇ ವಾರಕ್ಕೆ ಬೆಡ್‌ಶೀಟಿಗೆ ಕಾಲು ಸಿಕ್ಕಿಕೊಳ್ಳುವುದು ನಿಂತಿತು. ಈಗಲೂ ಎರಡು ದಿನಕ್ಕೊಮ್ಮೆ ಹಚ್ಚುತ್ತೇನೆ, ಯಾಕೆಂದರೆ ನಿಲ್ಲುವ ಕೆಲಸ ನಿಂತಿಲ್ಲ. ಪೂರ್ತಿ ಬಿಟ್ಟರೆ ಅಂಚು ಮತ್ತೆ ಗಟ್ಟಿಯಾಗುತ್ತದೆ.

"ಬರೀ ಜೆಲ್ಲಿ ಸಾಕಲ್ವಾ, ಆಸಿಡ್ ಯಾಕೆ?" ಅಂತ ಒಬ್ಬರು ವಾದ ಮಾಡಿದ್ದರು. ಬರೀ ಒಣಗಿ ಬೆಳ್ಳಗಾದ ಕಾಲಿಗೆ ಸಾಕು, ಒಪ್ಪುತ್ತೇನೆ. ಆದರೆ ಜೆಲ್ಲಿ ನೀರು ಹೊರಗೆ ಹೋಗದಂತೆ ಮುಚ್ಚಳ ಹಾಕುತ್ತದೆ, ಗಟ್ಟಿ ದಡವನ್ನು ತೆಳುವಾಗಿಸುವುದಿಲ್ಲ. ದಡ ಹಾಗೇ ಇದ್ದರೆ ಅದೇ ಗೆರೆಯಲ್ಲಿ ಮತ್ತೆ ಸೀಳುತ್ತದೆ.

ದೊಡ್ಡಮ್ಮ ಕೈಯನ್ನೂ ಚಾಚಿ ತೋರಿಸಿದರು. ಸೋಪು, ಪಾತ್ರೆ ತೊಳೆದು ತೊಳೆದು ಒರಟಾದ ಕೈ. ಅದಕ್ಕೆ ಹಿಮ್ಮಡಿಯ ಕ್ರೀಮು ಬೇಡ ಅಂದೆ. ಕೈಯ ಹಿಂಭಾಗದ ಚರ್ಮ ತೆಳು, ಶೇಕಡಾ 5ರ ಯೂರಿಯಾ ಸಾಕು, ಅದೂ ಸೀಳಿಲ್ಲದ ಜಾಗಕ್ಕೆ. ಪ್ರತಿ ಸಲ ತೊಳೆದ ಮೇಲೆ ಸಾದಾ ಕ್ರೀಮು, ಪಾತ್ರೆ ತೊಳೆಯುವಾಗ ಕೈಗವಸು.

ಇನ್ನೊಂದು ಮಾತು ಅವರಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದವರು, ಅಂಗಾಲಿನಲ್ಲಿ ಸ್ಪರ್ಶ ಕಡಿಮೆಯಾದವರು ಇದನ್ನು ಮನೆಯಲ್ಲಿ ತಾವೇ ಮಾಡಲು ಹೋಗಬೇಡಿ, ಸಣ್ಣ ಬಿರುಕಾದರೂ ವೈದ್ಯರಿಗೆ ತೋರಿಸಿ. ಉರಿಯೇ ಗೊತ್ತಾಗದ ಕಾಲಿಗೆ ಗಾಯವಾದದ್ದೂ ಗೊತ್ತಾಗುವುದಿಲ್ಲ. ಹಾಗೆಯೇ ಅಂಗಾಲಿನ ಗೆರೆಗಳಲ್ಲಿ ಹಿಟ್ಟು ಉದುರಿದಂತೆ ಬಿಳಿ ಪುಡಿ ಇದ್ದು, ಎರಡು ಕಾಲಿನ ಜೊತೆ ಒಂದೇ ಕೈಗೂ ಬಂದಿದ್ದರೆ, ಉಗುರು ದಪ್ಪವಾಗಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಯೂರಿಯಾ ಅದನ್ನು ವಾಸಿ ಮಾಡುವುದಿಲ್ಲ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುತ್ತದೆ. ಕೆಂಪು ದಡಗಳಿರುವ ದಪ್ಪ ಹೊಪ್ಪಳೆಯಾದರೆ ಸೋರಿಯಾಸಿಸ್ ಇರಬಹುದು, ಅದನ್ನೂ ಚರ್ಮವೈದ್ಯರು ನೋಡಬೇಕು.

ದಾರಿಯುದ್ದಕ್ಕೂ ಸಿಟ್ಟು ದೊಡ್ಡಮ್ಮನ ಮೇಲೆ ಅಂದುಕೊಂಡಿದ್ದೆ. ಅದು ನನ್ನ ಮೇಲೆ. ಟ್ಯೂಬನ್ನು ಅವರ ಕೈಗೆ ಕೊಡುವಾಗ "ರಾತ್ರಿ ಹಚ್ಚಿಕೊಳ್ಳಿ" ಅಂತ ಇಷ್ಟೇ ಹೇಳಿ ಬಸ್ಸು ಹತ್ತಿದ್ದೆ. ನನ್ನ ಕಾಲಿಗೆ ಒಂದು ವಾರ ಕಾದವಳು, ಅವರಿಗೆ ಆ ವಾರದ ಮಾತನ್ನೇ ಹೇಳಲಿಲ್ಲ. ಮನಸ್ಸಿಗೆ ತುಂಬಾ ಬೇಸರವಾಗಿದೆ.

ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ಕೇಳಿ ಖಚಿತ ಮಾಡಿಕೊಂಡೆ. ರಕ್ತ ಬರುತ್ತಿದ್ದ ಬಿರುಕು ತೊಳೆದು, ಜೆಲ್ಲಿ ಹಚ್ಚಿ, ಪಟ್ಟಿ ಅಂಟಿಸಿ ಬಂದಿದ್ದೇನೆ. ಟ್ಯೂಬು ಅವರ ಕಪಾಟಿನಲ್ಲೇ ಇದೆ, ಮುಂದಿನ ಭಾನುವಾರ ಬಿರುಕು ಮುಚ್ಚಿದ್ದರೆ ಮೊದಲ ಸಲ ನಾನೇ ಹಚ್ಚುತ್ತೇನೆ. ಬ್ಲೇಡು ನನ್ನ ಚೀಲದಲ್ಲಿದೆ.